ರಾತ್ರಿ ಬಂದಿದ್ದ ಬೋರ್ಡು ಬೆಳಿಗ್ಗೆ ಎಲ್ಲಿ ಹೋಯ್ತು?

ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಫೇಲಾಗಿ ಬರುವವರೆಲ್ಲ ಓದದೆ ಹೋದವರೇನಲ್ಲ. ಎಷ್ಟೋ ಜನ ಹಿಂದಿನ ರಾತ್ರಿ ಹನ್ನೆರಡರವರೆಗೆ ಪುಸ್ತಕ ತಿರುವಿರುತ್ತಾರೆ, ಬೆಳಿಗ್ಗೆ ಬಸ್ಸಿನಲ್ಲೂ ರಸ್ತೆ ಬೋರ್ಡುಗಳ ಚಾರ್ಟ್ ನೋಡಿರುತ್ತಾರೆ, ಆರ್‌ಟಿಒ ಬಾಗಿಲಲ್ಲಿ ನಿಂತು ಕೊನೆಯ ಸಲ ಮೊಬೈಲನ್ನೂ ಉಜ್ಜಿರುತ್ತಾರೆ. ಪಾಸಾಗಲು ಬೇಕಿರುವುದು ನೂರಕ್ಕೆ ಅರವತ್ತು. ಅಷ್ಟಕ್ಕೂ ಎಡವುತ್ತಾರೆ. ಫೇಲಾದರೆ ಮತ್ತೆ 50 ರೂಪಾಯಿ ಕಟ್ಟಿ ಇನ್ನೊಮ್ಮೆ ಕೂರಬಹುದು, ಅದು ದೊಡ್ಡ ನಷ್ಟವಲ್ಲ. ಆದರೆ ಇನ್ನೊಮ್ಮೆಯೂ ಅದೇ ರಾತ್ರಿ, ಅದೇ ಚಾರ್ಟ್, ಅದೇ ಹನ್ನೆರಡು ಗಂಟೆ ಎಂದಾದರೆ ತಪ್ಪೂ ಹೆಚ್ಚುಕಡಿಮೆ ಅದೇ ಜಾಗದಲ್ಲೇ ಆಗುತ್ತದೆ.

ಮಂಡ್ಯದ ಒಂದು ಡ್ರೈವಿಂಗ್ ಸ್ಕೂಲಿನ ಮುಂದಿನ ಕೋಣೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸೊಬ್ಬರು ಹೇಳುತ್ತಿದ್ದದ್ದು ಹೀಗೆ: “ರಾತ್ರಿ ಅಷ್ಟೂ ಬತ್ತಿತ್ತು ಕಣ್ಸಾ. ಅಲ್ಲೋಗಿ ಕಂಪ್ಯೂಟ್ರು ಮುಂದೆ ಕುಂತ್ಕಂಡೇಟ್ಗೆ ಎಲ್ಲಾ ಒಂದೇ ತರ ಕಾಣಕ್ ಶುರುವಾಯ್ತು.”

“ಯಾವ್ಯಾವ್ದು ಕೈಕೊಡ್ತು ಹೇಳಕ್ಕ” ಎಂದರು ಕಲಿಸುವವರು.

“ನೀಲಿ ಬೋರ್ಡ್ ಮೇಲೆ ಕೆಂಪು ಗೀಟು ಇರ್ತದಲ್ಲ, ಅದು. ಸ್ಪೀಡಿಂದು ಒಂದು. ರೈಲ್ದು ಒಂದು. ಸರ್ಕಲ್‌ದು ಗೊತ್ತಿತ್ತು, ಅದೂ ತಪ್ಪು ಅಂತು.”

ಈ ನಾಲ್ಕು ತಪ್ಪನ್ನೇ ಹಿಡಿದು ನೋಡಿದರೆ ಸಾಕು, ಮರೆವು ಎಲ್ಲಿ ಹುಟ್ಟುತ್ತದೆ ಎನ್ನುವುದು ಗೊತ್ತಾಗುತ್ತದೆ. ನಾಲ್ಕೂ ಒಂದೇ ಜಾತಿಯವಲ್ಲ.

ಕಂಡಿರದ ಬೋರ್ಡು, ತಪ್ಪಾಗಿ ಕಂಡ ಬೋರ್ಡು

ನೀಲಿ ವೃತ್ತ, ಕೆಂಪು ಅಂಚು, ಓರೆಯಾಗಿ ಒಂದು ಕೆಂಪು ಗೀಟು ಇದ್ದರೆ ವಾಹನ ನಿಲುಗಡೆ ಇಲ್ಲ. ಅದೇ ವೃತ್ತದಲ್ಲಿ ಗೀಟು ಎರಡಾಗಿ ಒಂದನ್ನೊಂದು ಅಡ್ಡ ಹಾಯ್ದಿದ್ದರೆ ಅಲ್ಲಿ ನಿಲ್ಲಿಸುವುದೇ ಕೂಡದು, ಹಿಂದೆ ಕೂತವರನ್ನು ಇಳಿಸಿ ಹೋಗುತ್ತೇನೆ ಎನ್ನುವ ಹಾಗೂ ಇಲ್ಲ. ಎರಡೂ ದಿನಾ ಕಣ್ಣಿಗೆ ಬೀಳುವಂಥವು. ಆದರೆ ಯಾರೂ ಗೀಟು ಎಣಿಸುವುದಿಲ್ಲ. ಎರಡಕ್ಕೂ ‘ನೋ ಪಾರ್ಕಿಂಗ್’ ಎಂದೇ ಮನಸ್ಸು ಹೆಸರು ಹಚ್ಚಿಬಿಟ್ಟಿರುತ್ತದೆ.

ಸ್ಪೀಡಿನದು ಬೇರೆ ಥರ. ಕೆಂಪು ಅಂಚಿನ ಬಿಳಿ ವೃತ್ತದಲ್ಲಿ 50 ಎಂದಿದ್ದರೆ ಅದಕ್ಕಿಂತ ಜೋರಾಗಿ ಹೋಗಬೇಡಿ ಎಂದು. ನೀಲಿ ವೃತ್ತದಲ್ಲಿ ಬಿಳಿ ಅಂಕಿಯಲ್ಲಿ 50 ಎಂದಿದ್ದರೆ ಅದಕ್ಕಿಂತ ನಿಧಾನ ಹೋಗಬೇಡಿ ಎಂದು. ಈ ಎರಡನೆಯದನ್ನು ಮಂಡ್ಯದ ಊರೊಳಗೆ ಕಂಡವರು ಯಾರು? ರೈಲಿನದೂ ಹಾಗೆಯೇ. ತ್ರಿಕೋನದೊಳಗೆ ಗೇಟಿನ ಚಿತ್ರವಿದ್ದರೆ ಕಾವಲುಗಾರನಿರುವ ಕ್ರಾಸಿಂಗ್, ಎಂಜಿನ್ ಚಿತ್ರವಿದ್ದರೆ ಕಾವಲಿಲ್ಲದ್ದು. ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು ರೈಲ್ವೆಯವರು 2019ರ ಜನವರಿ ಹೊತ್ತಿಗೆ ಮುಗಿಸಿಬಿಟ್ಟರು. ಈಗ ಹದಿನೆಂಟು ತುಂಬಿ ಎಲ್‌ಎಲ್‌ಆರ್‌ಗೆ ಬರುವ ಹುಡುಗ ಅಂಥದ್ದನ್ನು ದಾಟಿಯೇ ಇರಲಿಕ್ಕಿಲ್ಲ, ಆದರೂ ಪ್ರಶ್ನೆ ಮಾತ್ರ ಬರುತ್ತದೆ. ಎಂಜಿನ್ ಚಿತ್ರ ನೋಡಿದಾಗ ನೆನಪಿಗೆ ಬರಲು ಅವನಿಗೆ ಒಂದು ಜಾಗವಿಲ್ಲ, ಒಂದು ಸದ್ದಿಲ್ಲ. ಕಾಗದದ ಮೇಲಿನ ಚಿತ್ರವೊಂದೇ ಆಧಾರ, ಅಂಥದ್ದು ಬೇಗ ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ಹಟಮಾರಿ ಎಂದರೆ ಸರ್ಕಲ್ಲು. ನಿಯಮ ಚಿಕ್ಕದು: ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವ ವಾಹನಕ್ಕೆ ದಾರಿ ಮೊದಲು, ಒಳಗೆ ನುಗ್ಗಬೇಕೆಂದಿರುವವರು ಕಾಯಬೇಕು. ಸಿಗ್ನಲ್ಲೋ ಪೊಲೀಸರೋ ಇದ್ದರೆ ಅವರು ಹೇಳಿದ್ದು. ಮೈಸೂರಿನಂಥ ಸರ್ಕಲ್‌ಗಳ ಊರಿನಲ್ಲಿ ಹುಟ್ಟಿದಾಗಿನಿಂದ ಆಟೋದಲ್ಲಿ, ಬಸ್ಸಿನಲ್ಲಿ ಕೂತು ಕಂಡಿರುವುದು ಮಾತ್ರ ಬೇರೆ. ಯಾರ ಮೂತಿ ಮುಂದಿದೆಯೋ ಅವರದು ದಾರಿ. ಇಲ್ಲಿ ಕಲಿಯುವವರಿಗೆ ವಿಷಯ ಹೊಸದಲ್ಲ, ಹಳೆಯದೊಂದು ಉತ್ತರ ಆಗಲೇ ಗಟ್ಟಿಯಾಗಿ ಕೂತಿದೆ. ಓದಿದ ರಾತ್ರಿ ಹೊಸ ಉತ್ತರ ಮೇಲಿರುತ್ತದೆ. ಒಂದೆರಡು ದಿನ ಕಳೆದರೆ, ಅಥವಾ ಗಡಿಯಾರ ಓಡುತ್ತಿದ್ದು ಕೈ ನಡುಗಿದರೆ, ಹಳೆಯದು ಮತ್ತೆ ತಲೆ ಎತ್ತುತ್ತದೆ. “ಗೊತ್ತಿತ್ತು, ಅದೂ ತಪ್ಪು ಅಂತು” ಎಂದರೆ ಇದೇ.

ಹೀಗಾಗಿ ಇಡೀ ಪುಸ್ತಕವನ್ನು ಸಮನಾಗಿ ಓದುವುದೇ ಮೊದಲ ತಪ್ಪು. ಆಸ್ಪತ್ರೆ, ಶಾಲೆ, ಎಡತಿರುವು, ಪೆಟ್ರೋಲ್ ಬಂಕ್ ಇವನ್ನೆಲ್ಲ ರಸ್ತೆಯೇ ಕಲಿಸಿದೆ. ಅವನ್ನು ಹತ್ತು ಸಲ ಓದಿದರೆ ಸಿಗುವುದು ‘ನನಗೆಲ್ಲ ಬರುತ್ತೆ’ ಎನ್ನುವ ಭ್ರಮೆ ಮಾತ್ರ.

ನಿದ್ದೆ ಮಾಡುವ ಕೆಲಸ

ಓದಿದ್ದು ತಲೆಗೆ ಹೋಗುವುದು ಒಂದು, ತಲೆಯಲ್ಲಿ ನಿಲ್ಲುವುದು ಇನ್ನೊಂದು. ಹಗಲು ಕಲಿತದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಬಹಳವಾಗಿ ನೆಚ್ಚಿಕೊಂಡಿರುತ್ತದೆ. ಗಾಢ ನಿದ್ದೆಯಲ್ಲಿ ಆ ಭಾಗ ಹಗಲಿನ ಚಟುವಟಿಕೆಯ ಜಾಡನ್ನು ಮತ್ತೆ ಮತ್ತೆ ಓಡಿಸುತ್ತದೆ, ಮೇಲ್ಪದರದ ಬೇರೆ ಭಾಗಗಳಲ್ಲಿ ಅದು ನಿಧಾನವಾಗಿ ಊರಿಕೊಳ್ಳುತ್ತದೆ. ಜೊತೆಗೆ ಮಲಗಿದ್ದಾಗ ಹೊಸದೇನೂ ಒಳಗೆ ಬಂದು ಹಳೆಯದನ್ನು ಕಲಸುವುದಿಲ್ಲ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬಿಬ್ಬರು ಇದನ್ನು ಪರೀಕ್ಷಿಸಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿತು ಮಲಗಿದರೆ, ಅಷ್ಟೇ ಹೊತ್ತು ಎಚ್ಚರವಿದ್ದದ್ದಕ್ಕಿಂತ ಮರೆವು ಕಡಿಮೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು 2016ರಲ್ಲಿ ಫ್ರಾನ್ಸಿನಿಂದ ಬಂದ ಒಂದು ಅಧ್ಯಯನ. ಫ್ರೆಂಚ್ ಮಾತನಾಡುವವರಿಗೆ 16 ಸ್ವಾಹಿಲಿ ಪದಗಳನ್ನು ಕಲಿಸಿದರು. ಒಂದು ಗುಂಪು ಬೆಳಿಗ್ಗೆ ಕಲಿತು ಅದೇ ಸಂಜೆ ಮತ್ತೆ ಕೂತಿತು. ಇನ್ನೊಂದು ಸಂಜೆ ಕಲಿತು, ಮಲಗಿ ಎದ್ದು, ಮರುದಿನ ಬೆಳಿಗ್ಗೆ ಕೂತಿತು. ನಡುವಿನ ಅಂತರ ಎರಡಕ್ಕೂ ಹನ್ನೆರಡು ಗಂಟೆ. ಎರಡನೇ ಸಲ ಕೂರುವಾಗ ಮಲಗಿ ಎದ್ದವರ ನೆನಪಿನಲ್ಲಿ ಸರಾಸರಿ ಹತ್ತು ಪದ ಉಳಿದಿದ್ದವು, ಮಲಗದವರಲ್ಲಿ ಏಳೂವರೆ. ಮರೆತದ್ದನ್ನು ಮತ್ತೆ ಪೂರ್ತಿ ಮಾಡಿಕೊಳ್ಳಲು ಮಲಗಿದವರಿಗೆ ಬೇಕಾದ ಸುತ್ತುಗಳು ಇನ್ನೊಂದು ಗುಂಪಿನದರ ಅರ್ಧದಷ್ಟೇ. ಆರು ತಿಂಗಳ ನಂತರ ಕೇಳಿದಾಗಲೂ ಅವರೇ ಮುಂದಿದ್ದರು. ಅಂದರೆ ನಿದ್ದೆಯನ್ನು ಓದಿನ ನಡುವೆ ಇಟ್ಟರೆ ಓದಬೇಕಾದ ಹೊತ್ತೇ ಕಡಿಮೆಯಾಗುತ್ತದೆ. ದಿನವಿಡೀ ಹೊಲಿದು ಬರುವವರಿಗೆ ಇದು ಸಣ್ಣ ಮಾತಲ್ಲ.

ಇದಕ್ಕೊಂದು ಮಿತಿಯೂ ಉಂಟು. ಕಲಿಯದ್ದನ್ನು ನಿದ್ದೆ ಕಲಿಸುವುದಿಲ್ಲ. ಚಿತ್ರ ನೋಡಿ ಒಮ್ಮೆಯಾದರೂ ಸರಿ ಉತ್ತರ ಬಾಯಿಂದ ಬರದೆ ಮಲಗಿದರೆ, ರಾತ್ರಿ ಗಟ್ಟಿಯಾಗಲು ಅಲ್ಲಿ ಏನೂ ಇರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ನಿಯಮಗಳ ವಿಡಿಯೊ ಓಡುತ್ತಿದ್ದಂತೆ ನಿದ್ದೆಗೆ ಜಾರುವವರಿಗೆ ಸಿಗುವುದು ಬರೀ ಕೆಟ್ಟ ನಿದ್ದೆ.

ಆ ಅಕ್ಕನ ಒಂಬತ್ತು ದಿನ

ಪರೀಕ್ಷೆ ಮಂಗಳವಾರ ಬೆಳಿಗ್ಗೆ ಎಂದಿಟ್ಟುಕೊಳ್ಳೋಣ. ಶುರು ಅದರ ಹಿಂದಿನ ವಾರದ ಭಾನುವಾರ. ಮೊದಲ ಕೆಲಸ ಓದುವುದಲ್ಲ, ಜರಡಿ ಹಿಡಿಯುವುದು. ಚಾರ್ಟಿನ ಚಿತ್ರಗಳ ಕೆಳಗಿನ ಹೆಸರುಗಳನ್ನು ಕಾಗದದ ಪಟ್ಟಿಯಿಂದ ಮುಚ್ಚಿ, ಒಂದೊಂದನ್ನೇ ನೋಡಿ ಗಟ್ಟಿಯಾಗಿ ಹೇಳುತ್ತಾ ಹೋಗಬೇಕು. ತಕ್ಷಣ ಬಂದದ್ದಕ್ಕೆ ಗುರುತು, ತಡವರಿಸಿದ್ದಕ್ಕೆ ಗುರುತಿಲ್ಲ. ಹೀಗೆ ಉಳಿದದ್ದು ಹದಿನೆಂಟು ಎಂದುಕೊಳ್ಳಿ. ಈ ಹದಿನೆಂಟಕ್ಕೆ ಮಾತ್ರ ಚೀಟಿ.

ಚೀಟಿಗೆ ಮದುವೆ ಕರೆಯೋಲೆಯ ದಪ್ಪ ಕಾಗದ ಚೆನ್ನಾಗಿರುತ್ತದೆ, ಹಿಂಬದಿಯ ಬರಹ ಮುಂದಕ್ಕೆ ಕಾಣುವುದಿಲ್ಲ. ಇಸ್ಪೀಟ್ ಎಲೆಯಷ್ಟು ಕತ್ತರಿಸಿ ಮುಂದೆ ಚಿತ್ರವನ್ನು ಕೈಯಲ್ಲೇ, ಕೆಂಪು ನೀಲಿ ಸ್ಕೆಚ್ ಪೆನ್ನಲ್ಲಿ ಬರೆಯಬೇಕು. ಅಂಟಿಸಿದ ಚಿತ್ರಕ್ಕಿಂತ ಬರೆದ ಚಿತ್ರ ಮೇಲು, ಯಾಕೆಂದರೆ ಬರೆಯುವಾಗ ಗೀಟು ಒಂದೋ ಎರಡೋ ಎಂದು ಕಣ್ಣು ನೋಡಲೇಬೇಕಾಗುತ್ತದೆ. ಹಿಂದೆ ಎರಡು ಸಾಲು: ಮೊದಲನೆಯದು ಅರ್ಥ, ಎರಡನೆಯದು ಇದು ಯಾವುದರ ಜೊತೆ ಕಲಸಿಹೋಗುತ್ತದೆ ಮತ್ತು ವ್ಯತ್ಯಾಸ ಎಲ್ಲಿದೆ ಎಂಬುದು. ‘ಒಂದು ಗೀಟು: ನಿಲುಗಡೆ ಇಲ್ಲ. ಎರಡಾದರೆ ನಿಲ್ಲಿಸಲೂಬಾರದು.’ ಸರ್ಕಲ್ಲಿನ ಚೀಟಿಯ ಹಿಂದೆ ‘ಒಳಗಿರೋರಿಗೆ ಮೊದಲು’ ಎಂದಿಷ್ಟೇ.

ಭಾನುವಾರ ರಾತ್ರಿ ಒಂಬತ್ತೂಮುಕ್ಕಾಲಿಗೆ, ಪಾತ್ರೆ ತೊಳೆದು ಬಾಗಿಲು ಹಾಕಿದ ಮೇಲೆ, ಮೊದಲ ಆರು ಚೀಟಿ. ಜೋಡಿಯಾದವನ್ನು ಮೊದಲ ಸಲ ಅಕ್ಕಪಕ್ಕ ಇಟ್ಟೇ ನೋಡಬೇಕು. ನೋ ಪಾರ್ಕಿಂಗ್ ಇವತ್ತು, ನಿಲ್ಲಿಸಬಾರದು ಎನ್ನುವುದು ನಾಳೆ ಎಂದು ಬೇರೆ ಮಾಡಿದರೆ ವ್ಯತ್ಯಾಸವೇ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಆರನ್ನೂ ಕಲಸಿ, ಒಂದೊಂದು ಎತ್ತಿ, ಉತ್ತರ ಹೇಳಿ, ನಂತರವೇ ತಿರುವಬೇಕು. ತಪ್ಪಿದ ಚೀಟಿಯನ್ನು ಕಟ್ಟಿನ ತಳಕ್ಕೆ ಹಾಕದೆ ಮೂರು ಚೀಟಿಯ ಕೆಳಗೆ ತೂರಿಸಿದರೆ ಒಂದು ನಿಮಿಷದಲ್ಲಿ ಅದು ಮತ್ತೆ ಮೇಲೆ ಬರುತ್ತದೆ. ತಪ್ಪಿದ ಕೂಡಲೇ ಕೇಳಿದರೆ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುವ ಉತ್ತರ ಹೇಳಿದಂತಾಗುತ್ತದೆ, ತೀರಾ ತಡವಾದರೆ ಪೂರ್ತಿ ಹೋಗಿರುತ್ತದೆ. ಆರೂ ಒಂದೊಂದು ಸಲ ಸರಿ ಬಂದ ಕೂಡಲೇ ನಿಲ್ಲಿಸಿಬಿಡಬೇಕು. ಹನ್ನೆರಡು ನಿಮಿಷ ಹಿಡಿಯಬಹುದು. ಇನ್ನೂ ಹುರುಪಿದೆ ಎಂದು ಹನ್ನೆರಡನೇ ಚೀಟಿಗೆ ಹೋಗುವುದು ಬೇಡ. ಮೊಬೈಲಿನ ಕಡೆಗೂ ಹೋಗುವುದು ಬೇಡ. ರೀಲ್ಸ್ ನೋಡುತ್ತಾ ಹನ್ನೊಂದೂವರೆಯಾದರೆ ಬೆಳಿಗ್ಗೆ ಐದೂವರೆಗೆ ಏಳುವವರಿಗೆ ಉಳಿಯುವುದು ಆರೇ ಗಂಟೆ.

ಸೋಮವಾರ ಬೆಳಿಗ್ಗೆ, ಹಾಲು ಉಕ್ಕುವ ಮೊದಲು ಸಿಗುವ ಐದು ನಿಮಿಷದಲ್ಲಿ ಅದೇ ಆರು. ಇಲ್ಲಿ ಒಂದೋ ಎರಡೋ ಬರುವುದಿಲ್ಲ. ಅದಕ್ಕೆ ಗಾಬರಿ ಬೇಡ, ಆ ತಡವರಿಕೆಯೇ ಬೇಕಾದದ್ದು. ಸಲೀಸಾಗಿ ಬಂದ ಉತ್ತರಕ್ಕಿಂತ ತುಸು ಹುಡುಕಿ ತಂದ ಉತ್ತರ ಹೆಚ್ಚು ದಿನ ನಿಲ್ಲುತ್ತದೆ. ತಪ್ಪಿದ್ದನ್ನು ನೋಡಿ ಮತ್ತೆ ಮೂರು ಚೀಟಿಯ ಕೆಳಗೆ.

ಸೋಮವಾರ ರಾತ್ರಿ ಎರಡನೇ ಆರು, ಮಂಗಳವಾರ ಬೆಳಿಗ್ಗೆ ಅದೇ. ಮಂಗಳವಾರ ರಾತ್ರಿ ಮೂರನೇ ಆರು, ಬುಧವಾರ ಬೆಳಿಗ್ಗೆ ಅದೇ. ಅಲ್ಲಿಗೆ ಹೊಸದು ಮುಗಿಯಿತು. ಬುಧವಾರ ರಾತ್ರಿ ಮೊದಲ ಕಟ್ಟು, ಗುರುವಾರ ಎರಡನೆಯದು, ಶುಕ್ರವಾರ ಮೂರನೆಯದು, ಹೀಗೆ ಪ್ರತಿ ಕಟ್ಟಿಗೂ ಎರಡು ದಿನದ ಬಿಡುವು ಸಿಗುತ್ತದೆ. ವಾರ ಹತ್ತು ದಿನದ ಆಚೆಗಿನ ಪರೀಕ್ಷೆಗೆ ಒಂದೆರಡು ದಿನದ ಬಿಡುವು ಸರಿಯಾದ ಅಳತೆ. ಗಂಟೆಗೊಮ್ಮೆ ನೋಡಿದರೆ ಮರೆಯಲು ಅವಕಾಶವೇ ಇಲ್ಲ, ಮರೆಯದಿದ್ದರೆ ನೆನಪಿಸಿಕೊಳ್ಳುವ ಕೆಲಸವೂ ನಡೆಯುವುದಿಲ್ಲ. ಬಿಡುವಿನ ಬೆಲೆಯನ್ನು ಮೊದಲು ಅಳೆದವರು ಎಬಿಂಗ್‌ಹೌಸ್, 1885ರಲ್ಲಿ, ತನ್ನ ಮೇಲೇ ಪ್ರಯೋಗ ಮಾಡಿಕೊಂಡು. ಒಂದೇ ಸಮ 68 ಸಲ ಓದಿದಾಗ ಸಿಕ್ಕಿದ್ದಷ್ಟೇ ಫಲ, ಮೂರು ದಿನಕ್ಕೆ ಹಂಚಿ 38 ಸಲ ಓದಿದಾಗ ಸಿಕ್ಕಿತು.

ಶನಿವಾರ ಹದಿನೆಂಟರ ಗೊಡವೆ ಬೇಡ. ಅವತ್ತು ಮೊದಲ ದಿನ ‘ಬರುತ್ತೆ’ ಎಂದು ಬದಿಗಿಟ್ಟ ಚಿತ್ರಗಳ ಮೇಲೆ ಒಂದು ಸುತ್ತು. ಬರುತ್ತೆ ಎಂದುಕೊಂಡಿದ್ದರಲ್ಲಿ ಒಂದೆರಡು ಸುಳ್ಳು ಹೇಳಿರುತ್ತವೆ. ಕಡ್ಡಾಯ ಎಡತಿರುವಿನ ನೀಲಿ ವೃತ್ತಕ್ಕೂ ಎಡಕ್ಕೆ ತಿರುವಿದೆ ಎನ್ನುವ ಕೆಂಪು ತ್ರಿಕೋನಕ್ಕೂ ಒಂದೇ ಉತ್ತರ ಹೇಳಿ ದಾಟಿರುತ್ತೇವೆ. ಅವೂ ಚೀಟಿಯಾಗಲಿ. ಭಾನುವಾರ ಮೊದಲ ಕಟ್ಟು. ಸೋಮವಾರ ರಾತ್ರಿ ಎಲ್ಲವನ್ನೂ ಕಲಸಿ ಒಂದೇ ಒಂದು ಸುತ್ತು, ಮಾಮೂಲಿ ಹೊತ್ತಿಗೆ ನಿದ್ದೆ. ಹಿಂದಿನ ರಾತ್ರಿ ನಿದ್ದೆ ಕೆಡಿಸಿ ಓದಿದರೆ ಎರಡು ಕಡೆ ಹೊಡೆತ: ಓದಿದ್ದು ಊರಿಕೊಳ್ಳುವುದಿಲ್ಲ, ಬೆಳಿಗ್ಗೆ ಪ್ರಶ್ನೆಯನ್ನೇ ಸರಿಯಾಗಿ ಓದುವಷ್ಟು ಗಮನ ಇರುವುದಿಲ್ಲ. ‘ಇವುಗಳಲ್ಲಿ ಯಾವುದು ತಪ್ಪು’ ಎಂಬಲ್ಲಿ ‘ಯಾವುದು ಸರಿ’ ಎಂದು ಓದಿಕೊಳ್ಳುವವರು ನಿದ್ದೆಗೆಟ್ಟವರೇ.

ಬೆಳಗಿನ ಜಾವದ ನಂಬಿಕೆ

ಬೆಳಗಿನ ಜಾವ ಓದಿದ್ದು ಮರೆಯುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಸರಿಯೇ. ಹನ್ನೊಂದೂವರೆಗೆ ಮಲಗಿ ಅಲಾರಾಂ ಇಟ್ಟು ನಾಲ್ಕಕ್ಕೆ ಎದ್ದರೆ ಆ ಹೊತ್ತಿನ ಗುಣವೆಲ್ಲ ಕಳೆದ ನಿದ್ದೆಗೇ ಜಮಾ. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಐವತ್ತು ಅರವತ್ತು ದಾಟಿ ಸ್ಕೂಟರ್ ಕಲಿಯಲು ಹೊರಟವರಿಗೆ ಬೆಳಿಗ್ಗೆಯೇ ತಲೆ ಚುರುಕು; ಹದಿನೆಂಟರ ಹುಡುಗರ ದೇಹದ ಗಡಿಯಾರ ಒಂದೆರಡು ಗಂಟೆ ಹಿಂದೆ ಓಡುತ್ತಿರುತ್ತದೆ, ಅವರನ್ನು ಐದಕ್ಕೆ ಎಬ್ಬಿಸಿ ಕೂರಿಸಿದರೆ ಪುಸ್ತಕದ ಮೇಲೆ ತೂಕಡಿಕೆ. ಇನ್ನು ಮಧ್ಯಾಹ್ನ ಒಂದರಿಂದ ಮೂರರ ಹೊತ್ತು. ಮುದ್ದೆ ಉಂಡರೆ ನಿದ್ದೆ ಎನ್ನುತ್ತೇವೆ, ಆದರೆ ಉಣ್ಣದಿದ್ದರೂ ಆ ಹೊತ್ತಿಗೆ ಮೈ ಮಂದವಾಗುತ್ತದೆ, ಊಟ ಅದನ್ನು ಹೆಚ್ಚಿಸುತ್ತದೆ ಅಷ್ಟೇ. ಆಗ ಹೊಸ ಚೀಟಿ ಮುಟ್ಟದೆ, ಚೀಟಿ ಬರೆದುಕೊಳ್ಳುವುದು, ಕತ್ತರಿಸುವುದು ಮಾಡಬಹುದು.

ಸಕ್ಕರೆ ಕಾರ್ಖಾನೆಯಲ್ಲಿ ಅರೆಯುವ ಹಂಗಾಮಿನಲ್ಲಿ ರಾತ್ರಿ ಪಾಳಿ ಮಾಡುವವರು ‘ರಾತ್ರಿ ಒಂಬತ್ತೂಮುಕ್ಕಾಲು’ ಎನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಬಾರದು. ಗಡಿಯಾರ ನೋಡುವುದು ಬೇಡ, ತಮ್ಮ ನಿದ್ದೆಯ ಎರಡು ತುದಿ ನೋಡಿದರೆ ಸಾಕು. ಬೆಳಿಗ್ಗೆ ಎಂಟಕ್ಕೆ ಮಲಗುವವರಿಗೆ ಏಳೂವರೆಗೆ ಹೊಸ ಆರು ಚೀಟಿ, ಮಧ್ಯಾಹ್ನ ಎದ್ದು ಮುಖ ತೊಳೆದ ಮೇಲೆ ಅದೇ ಆರು. ಎದ್ದ ಕೂಡಲೇ ಬೇಡ. ಮೊದಲ ಹದಿನೈದು ಇಪ್ಪತ್ತು ನಿಮಿಷ ಮಂಪರಿರುತ್ತದೆ, ಬರುವುದೂ ಬರುವುದಿಲ್ಲ. ಮಲಗುವ ಮುಂಚಿನ ಐದಾರು ಗಂಟೆಯೊಳಗೆ ಕುಡಿದ ಸ್ಟ್ರಾಂಗ್ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಇನ್ನೂ ಮೈಯಲ್ಲೇ ಇರುತ್ತದೆ ಎನ್ನುವುದೂ ನೆನಪಿರಲಿ.

ಅಂಕಿಗಳು

ಚಿತ್ರಗಳಿಗಿಂತ ಅಂಕಿಗಳು ಬೇಗ ಕಲಸಿಹೋಗುತ್ತವೆ, ಅದರಲ್ಲೂ ಒಂದೇ ಅಂಕಿ ಎರಡು ಕಡೆ ಬಂದರೆ. ರಕ್ತದಲ್ಲಿ ಮದ್ಯದ ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ. ಎಲ್‌ಎಲ್‌ಆರ್ ಸಿಕ್ಕ ಮೇಲೆ ಡಿಎಲ್‌ಗೆ ಹೋಗಲು ಕಾಯಬೇಕಾದದ್ದು 30 ದಿನ. ‘ಮೂವತ್ತು’ ಎಂದಷ್ಟೇ ಕಲಿತವರಿಗೆ ಎರಡೂ ಕೈಕೊಡುತ್ತವೆ. ಚೀಟಿಯ ಹಿಂದೆ ಅಂಕಿಯ ಜೊತೆ ಅಳತೆಯನ್ನೂ ಬರೆದು, ಬಾಯಲ್ಲೂ ‘ಮೂವತ್ತು ದಿನ’, ‘ಮೂವತ್ತು ಮಿಲಿಗ್ರಾಂ’ ಎಂದೇ ಹೇಳಬೇಕು. ಅಪಘಾತವಾದರೆ ಪೊಲೀಸರಿಗೆ ತಿಳಿಸಲು ಇರುವ 24 ಗಂಟೆಯದೂ ಇದೇ ಸಾಲಿನ ಚೀಟಿ.

ಕಾರಣ ತಿಳಿದ ನಿಯಮಕ್ಕೆ ಇಷ್ಟು ತಿಕ್ಕಾಟ ಬೇಕಾಗುವುದಿಲ್ಲ. ಕಾವಲಿಲ್ಲದ ಕ್ರಾಸಿಂಗ್‌ನಲ್ಲಿ ಗಾಡಿ ನಿಲ್ಲಿಸಿ, ಜೊತೆಯಲ್ಲಿರುವ ಕಂಡಕ್ಟರೋ ಕ್ಲೀನರೋ ಇಳಿದು ಹಳಿಯವರೆಗೆ ನಡೆದು ನೋಡಬೇಕು, ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಎಂಜಿನ್ ಸದ್ದಿನಲ್ಲಿ ರೈಲಿನ ಸದ್ದು ಕೇಳದು, ಸೀಟಿನಿಂದ ತಿರುವಿನಾಚೆ ಕಾಣದು ಎಂದು ಒಮ್ಮೆ ಹೊಳೆದರೆ ಉತ್ತರ ತಾನಾಗಿ ಬರುತ್ತದೆ. ನಾಲ್ಕು ಆಯ್ಕೆಯಲ್ಲಿ ‘ಹಾರ್ನ್ ಮಾಡಿ ವೇಗವಾಗಿ ದಾಟುವುದು’ ಎಂಬುದು ಆಗ ಆಸೆ ಹುಟ್ಟಿಸುವುದಿಲ್ಲ.

ಆಯ್ಕೆ ಎಂದಾಗ ಮೊಬೈಲ್ ಆ್ಯಪ್‌ಗಳ ಮಾತು ಬರಬೇಕು. ಕೆಟ್ಟವೇನಲ್ಲ, ಆದರೆ ಒಂದೇ ಪ್ರಶ್ನೆಪಟ್ಟಿಯನ್ನು ದಿನಾ ಒತ್ತುತ್ತಿದ್ದರೆ ನಾಲ್ಕೈದು ದಿನದಲ್ಲಿ ಬೆರಳಿಗೆ ‘ಇದಕ್ಕೆ ಮೂರನೆಯದು’ ಎಂಬ ಜಾಗ ಗೊತ್ತಾಗುತ್ತದೆ, ನಿಯಮ ಗೊತ್ತಾಗುವುದಿಲ್ಲ. ಪತ್ತೆ ಹಚ್ಚುವುದು ಸುಲಭ. ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ ಪ್ರಶ್ನೆ ಮಾತ್ರ ಓದಿ ಉತ್ತರ ಹೇಳಿ. ಮುಚ್ಚಿದಾಗ ಬಾರದ್ದು, ತೆರೆದಾಗ ಥಟ್ಟನೆ ಬಂದರೆ ಅದು ಗುರುತು ಹಿಡಿದದ್ದೇ ಹೊರತು ನೆನಪಲ್ಲ, ಚೀಟಿಗೆ ಹೋಗಬೇಕು. ಚಾರ್ಟಿನಲ್ಲೂ ‘ಎರಡನೇ ಸಾಲಿನ ಕೊನೆಯದು’ ಎಂದು ಜಾಗದಿಂದ ಹೇಳುವ ಚಟ ಬೀಳುತ್ತದೆ, ಅದಕ್ಕೇ ಚೀಟಿ ಕಲಸುವುದು.

ಎಲ್‌ಎಲ್‌ಆರ್ ಕೈಗೆ ಬಂದ ದಿನ ಬಹಳಷ್ಟು ಜನ ಪುಸ್ತಕವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಾರೆ. ಪುಸ್ತಕ ಕೊಡಿ, ಚೀಟಿ ಇಟ್ಟುಕೊಳ್ಳಿ. ಡಿಎಲ್ ಪರೀಕ್ಷೆಯವರೆಗೆ ಕನಿಷ್ಠ 30 ದಿನ ಕಾನೂನೇ ಬಿಡುವು ಕೊಟ್ಟಿದೆ, ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಹತ್ತನೇ ದಿನಕ್ಕೊಮ್ಮೆ, ಮೂವತ್ತನೇ ದಿನಕ್ಕೊಮ್ಮೆ ಚೀಟಿಕಟ್ಟನ್ನು ಹತ್ತು ನಿಮಿಷ ತಿರುವಿದರೆ ಸಾಕು. ಆ ಹೊತ್ತಿಗೆ ಗೇಟು, ಎಂಜಿನ್, ನೀಲಿ ಅಂಕಿ ಬಹುಮಟ್ಟಿಗೆ ನಿಂತಿರುತ್ತವೆ. ಸರ್ಕಲ್ಲಿನದು ಮಾತ್ರ ಮತ್ತೆ ತಪ್ಪುವ ಸಾಧ್ಯತೆ ಹೆಚ್ಚು, ಯಾಕೆಂದರೆ ಅಷ್ಟೂ ದಿನ ರಸ್ತೆ ಹಳೆಯ ಉತ್ತರವನ್ನೇ ದಿನಾ ಹೇಳಿಕೊಟ್ಟಿರುತ್ತದೆ. ಆ ಒಂದು ಚೀಟಿಗೆ ವಾರಕ್ಕೊಂದು ಸಲ ಸರದಿ ಬರಲಿ. ಬಸ್ಸಿನಲ್ಲೋ ಬೈಕಿನ ಹಿಂದಿನ ಸೀಟಿನಲ್ಲೋ ಕೂತು ಸರ್ಕಲ್ ದಾಟುವಾಗ ‘ಈಗ ಯಾರು ನಿಲ್ಲಬೇಕಿತ್ತು’ ಎಂದು ಕೇಳಿಕೊಂಡರೆ ಅದೂ ಒಂದು ಸುತ್ತೇ. ಹ್ಯಾಂಡಲ್ ಕೈಯಲ್ಲಿದ್ದಾಗ ಈ ಅಭ್ಯಾಸ ಬೇಡ.